ಪದ ಬೇಕು, ಅರ್ಜೆಂಟ್: ‘ಐಗನ್ ವ್ಯಾಲ್ಯೂ’ಗೆ ಏನನ್ನೋಣ?

ಶಾಬಾದಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಎರಡು ಪದ ಬೇಕು. ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಒಂದು ಫ್ಲೆಕ್ಸ್ ಮಾಡುತ್ತಿದ್ದಾರೆ. ಡಿಸ್ಕ್ರೀಟ್ ಫೋರಿಯರ್ ಟ್ರಾನ್ಸ್‌ಫಾರ್ಮ್‌ನ ಮಾತೃಕೆಯನ್ನು ಯಾವುದೇ ಸಾಲಿನ ಮೇಲೆ ನಾಲ್ಕು ಸಲ ಹಾಕಿದರೆ ಮೊದಲಿನ ಸಾಲೇ ವಾಪಸ್ ಬರುತ್ತದೆ. ಅದಕ್ಕೇ ಆ ಮಾತೃಕೆಯ ಐಗನ್ ವ್ಯಾಲ್ಯೂಗಳು 1, -1, i, -i ಬಿಟ್ಟು ಬೇರೆ ಆಗಲಾರವು. ಮಾತೃಕೆ ಹಾಕಿದಾಗ ಒಂದು ಸಾಲು ಬರೀ ತನ್ನದೇ ಪಟ್ಟಾಗಿ ಬಂದರೆ, ಎಷ್ಟು ಪಟ್ಟು ಎಂಬುದೇ ಐಗನ್ ವ್ಯಾಲ್ಯೂ. ಇಷ್ಟೇ ವಿಷಯ.

‘ಮಾತೃಕೆ’ ಪಿಯು ಪುಸ್ತಕದಲ್ಲೇ ಇದೆ, ಅದರ ಮೇಲೆ ಜಗಳ ಬೇಡ. ಒಂದು, ಐಗನ್ ವ್ಯಾಲ್ಯೂಗೆ ಏನು ಬರೆಯಲಿ? ಎರಡು, ಎರಡು ಸಲ ಹಾಕಿದಾಗ ಸಾಲು ಹಿಂದುಮುಂದಾಗುತ್ತದೆ. ಮಕ್ಕಳು ಅದಕ್ಕೆ ‘ಉಲ್ಟಾ’ ಎಂದು ಬರೆದಿದ್ದಾರೆ. ಫ್ಲೆಕ್ಸ್ ಮೇಲೆ ಉಲ್ಟಾ ಚೆನ್ನಾಗಿರುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ತಕರಾರು.

ಅಚ್ಚಗನ್ನಡ:

ತನ್ಬೆಲೆ. ಎರಡನೆಯದು ಹಿಮ್ಮೊಗ. ‘ಮಾತೃಕೆ’ ಕನ್ನಡವಲ್ಲ, ಅದನ್ನೂ ತೆಗೆಯಿರಿ. ಡಿಸ್ಕ್ರೀಟ್ ಟ್ರಾನ್ಸ್‌ಫಾರ್ಮ್‌ಗೆ ಬಿಡಿಮಾರ್ಪು.

ಗಿರಿನಾಡು, ಯಾದಗಿರಿ:

ಟ್ರಾನ್ಸ್‌ಫಾರ್ಮರ್‌ಗೆ ನಮ್ಮ ಕಡೆ ಎಲ್ಲರೂ ಟಿಸಿ ಅಂತಾರೆ. ಹೊಲದ ಟಿಸಿ ಸುಟ್ಟಿತು ಅಂದರೆ ಸಣ್ಣ ಹುಡುಗನಿಗೂ ಗೊತ್ತಾಗುತ್ತದೆ. ಅದನ್ನೇ ಬರೆಯಿರಿ ಮೇಡಂ. ಆದರೆ ನಾಲ್ಕು ಸಲ ಹಾಕುವುದು ಏನು ಅಂತ ತಿಳಿಯಲಿಲ್ಲ. ನಮ್ಮ ಊರಲ್ಲಿ ಒಂದು ಸಲ ಹಾಕಿಸಲಿಕ್ಕೇ ಎರಡು ಹಂಗಾಮು ಹೋಯಿತು.

ಕೋಟೆಬಾಗಿಲು, ಬೀದರ್:

ಗಿರಿಯವರೇ, ಇದು ಕರೆಂಟಿನ ಟ್ರಾನ್ಸ್‌ಫಾರ್ಮರ್ ಅಲ್ಲ. ಶಾಬಾದಿ ಮೇಡಂ, ನೀವು ಸುಮ್ನೆ ಕಷ್ಟಪಡುತ್ತಿದ್ದೀರಿ. ಐಗನ್ ಎನ್ನುವುದು ಜರ್ಮನ್ ವಿಜ್ಞಾನಿಯ ಹೆಸರು, ನೊಬೆಲ್ ಬಂದವರು. ಹೆಸರನ್ನು ಯಾರೂ ಅನುವಾದ ಮಾಡುವುದಿಲ್ಲ. ‘ಐಗನ್ ಮೌಲ್ಯ’ ಎಂದು ಬರೆದು ಮುಗಿಸಿ. ನಾನು ಅನುವಾದದಲ್ಲಿ ಹದಿನೈದು ವರ್ಷದಿಂದ ಇದ್ದೇನೆ.

ಹಳೆ ಮೇಷ್ಟ್ರು, ಬೀದರ್:

ಕೋಟೆಬಾಗಿಲು ಅವರು ಹೇಳುವ ಮ್ಯಾನ್‌ಫ್ರೆಡ್ ಐಗನ್ ರಸಾಯನಶಾಸ್ತ್ರಜ್ಞರು. ನೊಬೆಲ್ ಬಂದದ್ದು 1967ರಲ್ಲಿ, ಹುಟ್ಟಿದ್ದು 1927ರಲ್ಲಿ. ಹಿಲ್ಬರ್ಟ್ ಈ ಗಣಿತದ ಪದವನ್ನು ಬಳಸಿದ್ದು 1904ರಲ್ಲಿ. ಹುಟ್ಟದವರ ಹೆಸರು ಇಡಲಾಗುವುದಿಲ್ಲ.

ಜರ್ಮನ್‌ನಲ್ಲಿ ‘ಐಗನ್’ ಅಂದರೆ ಸ್ವಂತದ್ದು, ತನ್ನದೇ ಆದದ್ದು. ‘ವಿಶಿಷ್ಟ’ ಎನ್ನುವ ಛಾಯೆಯೂ ಇದೆ. ಇಂಗ್ಲಿಷರು ಅರ್ಧ ಅನುವಾದ ಮಾಡಿ ಅರ್ಧ ಹಾಗೇ ಬಿಟ್ಟರು. ಅದಕ್ಕೂ ಮುಂಚೆ 1883ರಲ್ಲಿ ಸಿಲ್ವೆಸ್ಟರ್ ಇದನ್ನೇ ಅಡಗಿದ ಮೂಲ ಎಂಬ ಅರ್ಥದ ಹೆಸರಿನಿಂದ ಕರೆದಿದ್ದ. ಆ ಹೆಸರು ನಿಲ್ಲಲಿಲ್ಲ.

ಈಗ ನನ್ನ ಮಾತು. ಸ್ವಂತದ್ದು ಮತ್ತು ವಿಶೇಷದ್ದು, ಎರಡೂ ಒಂದೇ ಪದದಲ್ಲಿ ಬೇಕು ಅಲ್ವಾ? ಅಂಥ ಪದ ನಮ್ಮ ಮನೆಯಲ್ಲೇ ಇದೆ: ಖಾಸಾ. ‘ಅವನು ನನ್ನ ಖಾಸಾ ತಮ್ಮ’ ಅಂದರೆ ಒಡಹುಟ್ಟಿದವನು. ‘ಖಾಸ್ ಮಂದಿ’ ಅಂದರೆ ವಿಶೇಷದವರು. ಜರ್ಮನ್ ಪದದ ಎರಡೂ ಮುಖ ಇದರಲ್ಲಿವೆ. ತನ್ಬೆಲೆಯಲ್ಲಿ ಒಂದೇ ಮುಖ. ನನ್ನ ಓಟು ‘ಖಾಸಾ ಬೆಲೆ’ಗೆ.

ಅಚ್ಚಗನ್ನಡ:

ಅರಬ್ಬಿ ಪದ. ಬೇಡ.

ಹಳೆ ಮೇಷ್ಟ್ರು, ಬೀದರ್:

ನಿಮ್ಮ ಮನೆಯ ಕಿಟಕಿಗೆ ಏನಂತೀರಿ, ಕುರ್ಚಿಗೆ ಏನಂತೀರಿ? ಬೀದರ್ ಪೇಟೆಯಲ್ಲಿ ನಿಂತು ಅರಬ್ಬಿ, ಫಾರಸಿ, ಮರಾಠಿ, ತೆಲುಗು ಎಲ್ಲ ಸೋಸಿ ತೆಗೆದರೆ ಕೈಯಲ್ಲಿ ಜರಡಿ ಮಾತ್ರ ಉಳಿಯುತ್ತದೆ.

ಅಚ್ಚಗನ್ನಡ:

ಕಿಟಕಿ ಬಂದು ಕುಳಿತುಬಿಟ್ಟಿದೆ, ಎಬ್ಬಿಸುವುದಿಲ್ಲ. ಹೊಸದಾಗಿ ಕರೆಯುವುದು ಬೇರೆ. ತೊಗರಿ ಹೊಲದಲ್ಲಿ ಕಳೆ ಇದೆ ಎಂದು ಇನ್ನಷ್ಟು ಕಳೆ ಬಿತ್ತುತ್ತೀರಾ?

ಶಾಬಾದಿ, ಕಲಬುರಗಿ:

ಇಬ್ಬರೂ ಸ್ವಲ್ಪ ನಿಲ್ಲಿಸಿ ಸರ್, ಬೇರೆ ತೊಂದರೆ ಬಂದಿದೆ. ಹುಡುಗಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡಿದಳು. ಕಂಪ್ಯೂಟರ್ ಕೊಟ್ಟದ್ದನ್ನು ಸುಲಭ ರೂಪದಲ್ಲಿ ಬರೆದಿದ್ದೇನೆ, `fft` ಎಂದರೆ ಆ ಟ್ರಾನ್ಸ್‌ಫಾರ್ಮ್ ಒಂದು ಸಲ ಹಾಕಿದ್ದು:

```
x = [1, 2, 3, 4]
fft(x)       ->  10, -2+2i, -2, -2-2i
fft(fft(x))  ->  4, 16, 12, 8
```

ನಾಲ್ಕು ಸಲ ಹಾಕಿದರೆ 16, 32, 48, 64 ಬಂತು. ಮೊದಲಿನ ಸಾಲು ಬರಲೇ ಇಲ್ಲ. ಎರಡು ಸಲದ ಉತ್ತರವೂ ಉಲ್ಟಾ ಅಲ್ಲ. ಉಲ್ಟಾ ಆಗಿದ್ದರೆ 4, 3, 2, 1ರ ಲೆಕ್ಕದಲ್ಲಿ ಬರಬೇಕಿತ್ತು. ಫ್ಲೆಕ್ಸ್ ಸುಳ್ಳು ಹೇಳುತ್ತಿದೆಯಾ?

ಹಳೆ ಮೇಷ್ಟ್ರು, ಬೀದರ್:

ಸುಳ್ಳಲ್ಲ ತಂಗಿ. ಎರಡು ಸಣ್ಣ ಸಂಗತಿ ಇವೆ.

ಮೊದಲು 16ರದ್ದು. ಕಂಪ್ಯೂಟರಿನ `fft` ಸಾಲನ್ನು ಮೊತ್ತ ಮಾಡುತ್ತದೆಯೇ ಹೊರತು ಭಾಗಿಸುವುದಿಲ್ಲ. ಸಾಲಿನಲ್ಲಿ N ಸಂಖ್ಯೆಗಳಿದ್ದರೆ, ಮಾತೃಕೆಯನ್ನು √N ನಿಂದ ಭಾಗಿಸಿದಾಗ ಮಾತ್ರ ನಾಲ್ಕು ಸಲಕ್ಕೆ ಸರಿಯಾಗಿ ಮೊದಲಿನದ್ದು ಬರುತ್ತದೆ. ಭಾಗಿಸದಿದ್ದರೆ ಎರಡು ಸಲಕ್ಕೆ N ಪಟ್ಟು, ನಾಲ್ಕು ಸಲಕ್ಕೆ N² ಪಟ್ಟು ಆಗುತ್ತದೆ. ನಿಮ್ಮಲ್ಲಿ N = 4, ಅದಕ್ಕೇ 16 ಪಟ್ಟು. ಪೈಥಾನ್‌ನ ನಮ್‌ಪೈ ಆದರೆ ಹೀಗೆ ಬರೆಯಲು ಹೇಳಿ:

```
np.fft.fft(x, norm="ortho")
```

ಪ್ರತಿ ಸಲವೂ ಹೀಗೇ ಹಾಕಬೇಕು, ಒಂದು ಸಲ ಮರೆತರೂ ಕೆಡುತ್ತದೆ.

ಎರಡನೆಯದು. 4, 16, 12, 8 ಎಂದರೆ 4 × (1, 4, 3, 2). ನೋಡಿ, ಮೊದಲ ಸಂಖ್ಯೆ ಕದಲಲಿಲ್ಲ. ಗೋಡೆ ಗಡಿಯಾರದಲ್ಲಿ 12 ಇದ್ದಲ್ಲೇ ಇದ್ದು, 1 ಮತ್ತು 11, 2 ಮತ್ತು 10 ಜಾಗ ಬದಲಿಸಿದ ಹಾಗೆ. ಸ್ಥಾನಗಳನ್ನು 0, 1, 2, 3 ಎಂದು ಎಣಿಸಿದರೆ n ನೇ ಸ್ಥಾನದ್ದು N - n ಗೆ ಹೋಗುತ್ತದೆ, 0 ಇದ್ದಲ್ಲೇ. ಕಾರಣ ಹೀಗೆ: ω ಎಂದರೆ e^(-2πi/N), ವೃತ್ತದ N ಸಮಪಾಲುಗಳಲ್ಲಿ ಒಂದು ಪಾಲಿನಷ್ಟು ತಿರುವು. ಒಂದು ಸಲ ಹಾಕಿದಾಗ k ನೇ ಉತ್ತರದಲ್ಲಿ n ನೇ ಸಂಖ್ಯೆಗೆ ω^(nk) ಗುಣಕವಾಗಿ ಸೇರುತ್ತದೆ. ಎರಡನೇ ಸಲ m ನೇ ಉತ್ತರಕ್ಕೆ ω^(km) ಸೇರುತ್ತದೆ. ಎರಡೂ ಗುಣಿಸಿ ω^(k(n+m)) ಆಗುತ್ತದೆ. k ಯ ಎಲ್ಲ ಬೆಲೆಗೂ ಕೂಡಿಸಿದರೆ ಇವು ವೃತ್ತದ ಸುತ್ತ ಸಮನಾಗಿ ಹರಡಿದ ಬಾಣಗಳು. ಒಂದು ಇನ್ನೊಂದನ್ನು ಹೊಡೆದುಹಾಕಿ ಸೊನ್ನೆ ಉಳಿಯುತ್ತದೆ. n + m ಎಂಬುದು N ನಿಂದ ನಿಶ್ಶೇಷವಾಗಿ ಭಾಗವಾದಾಗ ಮಾತ್ರ ಎಲ್ಲ ಬಾಣಗಳೂ ಒಂದೇ ಕಡೆ ಮುಖ ಮಾಡುತ್ತವೆ. ಆಗ ಉಳಿಯುವ ಸಂಖ್ಯೆ ಒಂದೇ, ಎದುರು ಸ್ಥಾನದ್ದು.

ಆ ಅದಲುಬದಲನ್ನೇ ಇನ್ನೊಮ್ಮೆ ಮಾಡಿದರೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ. ಎರಡು ಮತ್ತು ಎರಡು, ನಾಲ್ಕು ಸಲ. `F⁴ = I`.

ಹಾಗಾಗಿ ಬರೀ ‘ಉಲ್ಟಾ’ ತಪ್ಪು. ಉರ್ದುವಿನದ್ದು ಎಂಬ ಕಾರಣಕ್ಕಲ್ಲ, 0 ಕದಲುವುದಿಲ್ಲ ಎಂಬುದನ್ನು ಅದು ಹೇಳುವುದಿಲ್ಲ ಎಂಬ ಕಾರಣಕ್ಕೆ. ‘ಹಿಮ್ಮೊಗ’ಕ್ಕೂ ಅದೇ ದೋಷ. ‘ಗಡಿಯಾರದ ಉಲ್ಟಾ’ ಎಂದು ಬರೆದು ಪಕ್ಕದಲ್ಲಿ ಗಡಿಯಾರದ ಚಿತ್ರ ಹಾಕಿಸಿ.

ಕೋಟೆಬಾಗಿಲು, ಬೀದರ್:

ಹೆಸರಿನ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಆದರೆ ಇದು ಸರಿ ತಾನೇ: ನಾಲ್ಕು ಸಲಕ್ಕೆ ವಾಪಸ್ ಬರುತ್ತದೆ, ಅಂದಮೇಲೆ ಐಗನ್ ವ್ಯಾಲ್ಯೂವನ್ನು λ ಎಂದರೆ λ⁴ = 1, ಅಂದಮೇಲೆ ನಾಲ್ಕು ಬೆಲೆ. N = 4 ಆದ್ದರಿಂದ ಒಂದೊಂದು ಒಂದೊಂದು ಸಲ. ಫ್ಲೆಕ್ಸ್‌ನಲ್ಲಿ ನಾಲ್ಕು ಬಣ್ಣದ ನಾಲ್ಕು ಚೌಕ ಹಾಕಿದರೆ ಚೆಂದ ಕಾಣುತ್ತದೆ.

ಹಳೆ ಮೇಷ್ಟ್ರು, ಬೀದರ್:

ಚೆಂದ ಕಾಣುತ್ತದೆ, ಆದರೆ ತಪ್ಪು. λ⁴ = 1 ಹೇಳುವುದು ‘ಈ ನಾಲ್ಕರ ಹೊರಗೆ ಯಾವುದೂ ಇಲ್ಲ’ ಎಂದಷ್ಟೇ. ನಾಲ್ಕೂ ಇದ್ದೇ ಇರುತ್ತವೆ ಎಂದಲ್ಲ.

ಗಡಿಯಾರದ ಉಲ್ಟಾ ಮಾಡಿದಾಗ ಒಂದು ಸಾಲು ಹಾಗೇ ಉಳಿದರೆ ಅದಕ್ಕೆ λ² = 1, ಅಂದರೆ 1 ಅಥವಾ -1. ಚಿಹ್ನೆ ಮಾತ್ರ ಬದಲಾದರೆ λ² = -1, ಅಂದರೆ i ಅಥವಾ -i. ನಾಲ್ಕು ಸ್ಥಾನದಲ್ಲಿ ಚಿಹ್ನೆ ಬದಲಾಗುವ ಸಾಲು ಎಷ್ಟು ರೀತಿ ಇರಬಹುದು? 0ನೇ ಸ್ಥಾನದ್ದು ಕದಲದೆ ಚಿಹ್ನೆ ಬದಲಿಸಬೇಕು, ಹಾಗಾಗಿ ಸೊನ್ನೆ. 2ನೆಯದೂ ಕದಲುವುದಿಲ್ಲ, ಅದೂ ಸೊನ್ನೆ. ಉಳಿದದ್ದು (0, 1, 0, -1) ಮತ್ತು ಅದರ ಪಟ್ಟುಗಳು ಮಾತ್ರ. ಒಂದೇ ಕುರ್ಚಿ, i ಮತ್ತು -i ಇಬ್ಬರು ಗಿರಾಕಿ. `fft` ಹಾಕಿ ನೋಡಿ: (0, -2i, 0, 2i). ಅಂದರೆ -2i ಪಟ್ಟು, √4 ನಿಂದ ಭಾಗಿಸಿದರೆ -i. ಕುರ್ಚಿ -i ಗೆ ಹೋಯಿತು.

ಉಳಿದ ಮೂರರಲ್ಲಿ 1 ಎರಡು ಸಲ, -1 ಒಂದು ಸಲ. ತಾಳೆ ನೋಡುವುದು ಸುಲಭ. ಮಾತೃಕೆಯ ಮುಖ್ಯ ಕರ್ಣದಲ್ಲಿ 1, -i, 1, -i ಇವೆ. ಕೂಡಿಸಿ 2 ರಿಂದ ಭಾಗಿಸಿದರೆ 1 - i. ನನ್ನ ಪಟ್ಟಿಯ ಮೊತ್ತ 1 + 1 - 1 - i, ಅದೂ 1 - i. ನಾಲ್ಕೂ ಒಂದೊಂದು ಸಲ ಇದ್ದಿದ್ದರೆ ಮೊತ್ತ ಸೊನ್ನೆ ಆಗಬೇಕಿತ್ತು.

ನಾಲ್ಕೂ ಬಣ್ಣ ಬೇಕೇ ಬೇಕು ಎಂದರೆ 5 ಸ್ಥಾನದ ಸಾಲು ತೆಗೆದುಕೊಳ್ಳಿ. ಅಲ್ಲಿ 1 ಎರಡು ಸಲ, ಉಳಿದ ಮೂರು ಒಂದೊಂದು ಸಲ. ಇನ್ನೊಂದು ಎಚ್ಚರಿಕೆ: ಕೆಲವು ಪುಸ್ತಕಗಳು ω ದ ಘಾತದಲ್ಲಿ ಋಣ ಚಿಹ್ನೆ ಹಾಕುವುದಿಲ್ಲ. ಅಲ್ಲಿ i ಮತ್ತು -i ಅದಲುಬದಲು. ಯಾರಾದರೂ ‘ನಮ್ಮ ಪುಸ್ತಕದಲ್ಲಿ -i ಇಲ್ಲ’ ಎಂದು ಬಂದರೆ ಮೊದಲು ಆ ಚಿಹ್ನೆ ನೋಡಿ.

ಗಿರಿನಾಡು, ಯಾದಗಿರಿ:

ಗಡಿಯಾರದ್ದು ತಿಳಿಯಿತು. ಬಾಣದ್ದು ತಿಳಿಯಲಿಲ್ಲ. ಟಿಸಿ ಅಲ್ಲ ಎಂಬುದು ಖಾತ್ರಿ ಆಯಿತು.

ಅಚ್ಚಗನ್ನಡ:

ಲೆಕ್ಕ ಚೆನ್ನಾಗಿದೆ. ಆದರೆ ಮೇಲಿನ ಪತ್ರದಲ್ಲಿ ಮೇಷ್ಟ್ರು ‘ನಿಶ್ಶೇಷವಾಗಿ’ ಎಂದು ಬರೆದಿದ್ದಾರೆ. ‘ಏನೂ ಉಳಿಯದಂತೆ’ ಎನ್ನಬಹುದಿತ್ತು. ಅರಬ್ಬಿಯೂ ಬೇಕು, ಸಂಸ್ಕೃತವೂ ಬೇಕು, ಕನ್ನಡ ಮಾತ್ರ ಬೇಡ.

ಹಳೆ ಮೇಷ್ಟ್ರು, ಬೀದರ್:

ಆ ಒಂದು ಪದ ನಿಮ್ಮದೇ ಸರಿ, ತಿದ್ದಿಕೊಂಡೆ. ತನ್ಬೆಲೆ ಮಾತ್ರ ಒಪ್ಪುವುದಿಲ್ಲ. ಕ್ಲಾಸಿನಲ್ಲಿ ಹೇಳಿದರೆ ಮಕ್ಕಳಿಗೆ ‘ತಂಬೆಲೆ’ ಎಂದೇ ಕೇಳಿಸುತ್ತದೆ, ಯಾವುದೋ ಗಿಡದ ಸೊಪ್ಪು ಅಂದುಕೊಳ್ಳುತ್ತಾರೆ.

ಶಾಬಾದಿ, ಕಲಬುರಗಿ:

ಸೂಪರ್ ಮಾರ್ಕೆಟ್ ಹತ್ತಿರದ ಫ್ಲೆಕ್ಸ್ ಅಂಗಡಿಯಿಂದಲೇ ಬರೆಯುತ್ತಿದ್ದೇನೆ. ‘ಖಾಸಾ ಬೆಲೆ’ ಎಂದು ಟೈಪ್ ಮಾಡಿಸಿದೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ಓದಿ, ‘ಮೇಡಂ, ಎಷ್ಟು ಪರ್ಸೆಂಟ್ ಡಿಸ್ಕೌಂಟ್ ಅಂತ ದೊಡ್ಡದಾಗಿ ಹಾಕೋಣ ಅಲ್ವಾ?’ ಎಂದು ಕೇಳಿದ. ‘x ನ ಬೆಲೆ ಕಂಡುಹಿಡಿಯಿರಿ’ ಎಂದು ಹತ್ತು ವರ್ಷ ಓದಿದವನೇ ಹೀಗಂದ.

ಹಾಗಾಗಿ ‘ಐಗನ್ ಬೆಲೆ’ ಎಂದು ಹಾಕಿಸಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಐಗನ್ ಎಂದರೆ ಜರ್ಮನ್‌ನಲ್ಲಿ ತನ್ನದೇ, ಖಾಸಾ’ ಎಂದು. ‘ಗಡಿಯಾರದ ಉಲ್ಟಾ’ ಇದೆ, ಗಡಿಯಾರದ ಚಿತ್ರವೂ ಇದೆ. ನಾಲ್ಕು ಬಣ್ಣದ ಚೌಕ ತೆಗೆಸಿ ಐದು ಹಾಕಿಸಿದೆ, ಎರಡು ಒಂದೇ ಹಸಿರು. ಸ್ಟಾಫ್ ರೂಮಿನವರು ಏನಂತಾರೋ ನಾಳೆ ನೋಡಬೇಕು.

ಅಚ್ಚಗನ್ನಡ:

‘ತನ್ನದೇ’ ಒಂದಾದರೂ ಉಳಿಯಿತು. ‘ಪರ್ಸೆಂಟ್’ಗೆ ನೂರಕ್ಕಿಷ್ಟು ಎಂದು ಆ ಹುಡುಗನಿಗೆ ಹೇಳಿ.

ಕೋಟೆಬಾಗಿಲು, ಬೀದರ್:

ಐಗನ್ ವೆಕ್ಟರ್‌ಗೆ ಏನು ಮಾಡಿದಿರಿ ಮೇಡಂ?