ಪದಚರ್ಚೆ: ಅಕ್ಕಿ ‘ತೊಯ್ದಿದೆ’ಯೋ, ‘ಮುಗ್ಗಿದೆ’ಯೋ, ‘ಹಳಸಿದೆ’ಯೋ?

ಪ್ರಶ್ನೆ

ಮಾನ್ಯರೇ, ವಸತಿ ನಿಲಯವೊಂದರ ಅಡುಗೆಮನೆಯ ಉಗ್ರಾಣ ನನ್ನ ಸುಪರ್ದಿನಲ್ಲಿದೆ. ದಿನಸಿ ಇಳಿಸಿಕೊಳ್ಳುವಾಗ ಕಂಡ ದೋಷವನ್ನು ದಾಸ್ತಾನು ಪುಸ್ತಕದ ಷರಾ ಅಂಕಣದಲ್ಲಿ ಬರೆಯುವುದು ನನ್ನ ಕೆಲಸ. ಮೊನ್ನೆ ಮಳೆಯ ನಡುವೆ 50 ಕಿಲೋ ತೂಕದ 40 ಚೀಲ ಅಕ್ಕಿ ಬಂತು. ಅದರಲ್ಲಿ 3 ಚೀಲಗಳ ಮೂಲೆಯಲ್ಲಿ ಕಂದು ಬಣ್ಣದ ಕಲೆಯಿತ್ತು. ಬಿಚ್ಚಿ ಕೈ ಹಾಕಿದರೆ ಮುಷ್ಟಿಗಾತ್ರದ ಹೆಂಟೆ ಸಿಕ್ಕಿತು. ನಾನು ‘3 ಚೀಲ ಹಳಸಿದೆ’ ಎಂದು ಬರೆದೆ. ಸರಬರಾಜುದಾರರ ಕಡೆಯವರು ಅದನ್ನು ಓದಿ ನಕ್ಕು, ‘ಹಳಸುವುದಕ್ಕೆ ಇದೇನು ಅನ್ನವೇ? ದಾರಿಯಲ್ಲಿ ಮಳೆಗೆ ತೊಯ್ದಿದೆ, ಒಣಗಿಸಿಕೊಳ್ಳಿ’ ಎಂದು ವಾದಿಸಿದರು. ಸರಿಯಾದ ಪದ ಯಾವುದು? ನಿಘಂಟಿನ ಅರ್ಥಕ್ಕಿಂತ, ಇಂಥ ಕೆಲಸ ಮಾಡುವವರು ಏನೆನ್ನುತ್ತಾರೆ ಎಂಬುದು ನನಗೆ ಬೇಕು.

ಮೊದಲ ಉತ್ತರ

ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ‘ಹಳಸು’ ಎಂಬುದು ಬೇಯಿಸಿದ ಪದಾರ್ಥಕ್ಕೆ ಸಲ್ಲುವ ಮಾತು. ಅನ್ನ, ಸಾರು, ಪಲ್ಯ ಹಳಸುತ್ತವೆ. ಅಕ್ಕಿಗೆ ‘ಮುಗ್ಗು’ ಎನ್ನಬೇಕು. ಮುಗ್ಗು ಎಂದರೆ ಬೂಷ್ಟು ಎಂದೇ ಅರ್ಥ. ಆದರೆ ಕಣ್ಣಿಗೆ ಬೂಷ್ಟು ಕಾಣದಿದ್ದರೆ ‘ಮುಗ್ಗಿದೆ’ ಎಂದು ಬರೆಯುವ ಹಾಗಿಲ್ಲ. ನಿಮ್ಮ ಚೀಲದಲ್ಲಿ ಹಸಿರು ಅಥವಾ ಕಪ್ಪು ಪುಡಿ ಕಂಡಿತೇ? ಕಾಣದಿದ್ದರೆ ‘ತೊಯ್ದಿದೆ’ ಎಂಬುದೇ ಸರಿ. ಎರಡು ಸಲ ಚೆನ್ನಾಗಿ ತೊಳೆದು ಬಳಸಬಹುದು.

ಎರಡನೆಯ ಉತ್ತರ

ಅನೇಕ ವರ್ಷ ಶಾಲೆಯ ಬಿಸಿಯೂಟದ ದಾಸ್ತಾನು ನೋಡಿಕೊಂಡವನಾಗಿ ಬರೆಯುತ್ತಿದ್ದೇನೆ. ಹಿಂದಿನ ಉತ್ತರದ ಮೊದಲ ಭಾಗ ಸರಿ, ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಬೂಷ್ಟು ಕಣ್ಣಿಗೆ ಕಾಣುವ ವಸ್ತು, ಮುಗ್ಗು ಮೂಗಿಗೆ ತಿಳಿಯುವ ಸ್ಥಿತಿ. ಮುಚ್ಚಿಟ್ಟ ಹಳೆಯ ಪೆಟ್ಟಿಗೆಯಲ್ಲಿ ಬೂಷ್ಟು ಕಾಣದಿದ್ದರೂ ‘ಮುಗ್ಗಲು ವಾಸನೆ’ ಎನ್ನುವುದಿಲ್ಲವೇ? ಅಕ್ಕಿಯಲ್ಲಿಯೂ ವಾಸನೆಯೇ ಮೊದಲು ಬರುತ್ತದೆ, ಬಣ್ಣ ಆಮೇಲೆ. ಅನುಮಾನವಿದ್ದರೆ ಒಂದು ಹಿಡಿ ಅಕ್ಕಿಯನ್ನು ಲೋಟಕ್ಕೆ ಹಾಕಿ, ಬಿಸಿನೀರು ಸುರಿದು, ತಟ್ಟೆ ಮುಚ್ಚಿ, ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದೊಡನೆ ಮೂಸಿ ನೋಡಬೇಕು. ಒಣಗಿದಾಗ ಅಡಗಿದ್ದ ವಾಸನೆ ಬಿಸಿಗೆ ಏಳುತ್ತದೆ. ಮುಗ್ಗಿದ್ದನ್ನು ತೊಳೆದು ಬಳಸುವ ಮಾತನ್ನಂತೂ ದಯವಿಟ್ಟು ಯಾರೂ ಪಾಲಿಸಬಾರದು. ಕೆಲವು ಬೂಷ್ಟುಗಳು ಕಾಳಿನೊಳಗೆ ಬಿಡುವ ವಿಷ ತೊಳೆದರೂ ಹೋಗುವುದಿಲ್ಲ, ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ.

ಇನ್ನು ಮುಖ್ಯ ವಿಷಯ. ‘ತೊಯ್ದಿದೆ’ ಮತ್ತು ‘ಮುಗ್ಗಿದೆ’ ಎಂಬ ಪದಗಳ ನಡುವೆ ಕಾಲದ ಅಂತರವಿದೆ, ವ್ಯಾಜ್ಯ ನಿಂತಿರುವುದೂ ಅಲ್ಲಿಯೇ. ಬೆಳಿಗ್ಗೆಯ ಮಳೆಗೆ ತೊಯ್ದ ಚೀಲ ಮಧ್ಯಾಹ್ನಕ್ಕೆ ಮುಗ್ಗುವುದಿಲ್ಲ. ಆ ದಿನ ತೊಯ್ದ ಚೀಲ ಮುಟ್ಟಿದರೆ ತಣ್ಣಗೆ ಹಸಿಯಾಗಿರುತ್ತದೆ, ಒಳಗಿನ ಅಕ್ಕಿ ಬೆಳ್ಳಗೆ ಉಬ್ಬಿ ಕೈಗೆ ಅಂಟುತ್ತದೆ, ಹಸಿ ಅಕ್ಕಿಯ ವಾಸನೆಯ ಹೊರತು ಬೇರೆ ವಾಸನೆ ಇರುವುದಿಲ್ಲ. ನೀವು ಹೇಳಿದ್ದು ಕಂದು ಕಲೆ ಮತ್ತು ಹೆಂಟೆ. ನೀರು ಇಳಿದು ಒಣಗಿದ ಮೇಲೆ ಕಲೆಯ ಅಂಚಿನಲ್ಲಿ ಗಾಢವಾದ ಗೆರೆಯೊಂದು ಉಳಿಯುತ್ತದೆ. ಹೆಂಟೆ ಬೆರಳಿಗೆ ಪುಡಿಯಾಗದಷ್ಟು ಗಟ್ಟಿಯಾಗಿದ್ದರೆ ಆ ಅಕ್ಕಿ ಹಲವು ದಿನಗಳ ಹಿಂದೆಯೇ ನೆನೆದು, ಒಣಗಿ ಬಂದದ್ದು. ಮೊನ್ನೆಯ ಮಳೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಆದ್ದರಿಂದ ಕಲೆಯ ಅಂಚು ಒಣಗಿತ್ತೇ, ಹೆಂಟೆ ಎಷ್ಟು ಗಟ್ಟಿಯಿತ್ತು ಎಂಬುದನ್ನು ದಯವಿಟ್ಟು ತಿಳಿಸಿ.

ಬರೆಯುವಾಗ ‘ಮುಗ್ಗಿದೆ’ ಎಂದಷ್ಟೇ ಬರೆಯದೆ ‘ಮುಗ್ಗಿ ಬಂದಿದೆ’ ಎಂದು ಬರೆಯಿರಿ. ಎರಡು ವಾರದ ನಂತರ ಪುಸ್ತಕ ತೆರೆದವರು, ಉಗ್ರಾಣದ ನೆಲದ ತೇವಕ್ಕೇ ಮುಗ್ಗಿತು ಎಂದು ನಿಮ್ಮ ಮೇಲೆ ಹಾಕಬಹುದು. ನೆಲದ ತೇವ ತಾಕಿದರೆ ಅಡಿಯ ಸಾಲಿನ ಚೀಲಗಳ ತಳಮೈ ಹಾಳಾಗುತ್ತದೆ, ಗೋಡೆಯ ತೇವವಾದರೆ ಗೋಡೆಗೆ ತಾಗಿದ ಮಗ್ಗುಲು. ಮರದ ಹಲಗೆಯ ಮೇಲೆ ಪೇರಿಸಿ, ಗೋಡೆಯಿಂದ ಒಂದು ಮೊಳ ಬಿಟ್ಟರೆ ಎರಡೂ ಇಲ್ಲ.

ಮೂರನೆಯ ಉತ್ತರ

ಅನ್ನ ಹಳಸುವ ಬಗ್ಗೆ ಚರ್ಚೆ ನಡೆದಿರುವುದರಿಂದ ಕೇಳುತ್ತೇನೆ: ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟರೆ ಅದು ಬೆಳಿಗ್ಗೆ ಹಳಸಿದ್ದೋ, ಹುಳಿ ಬಂದದ್ದೋ? ನಮ್ಮ ಮನೆಯಲ್ಲಿ ಹುಳಿ ಎಂದೇ ಹೇಳುತ್ತಾರೆ.

ಎರಡನೆಯ ಉತ್ತರದವರು, ಮತ್ತೆ

ಹುಳಿ ಬಂದದ್ದನ್ನು ತಿನ್ನುತ್ತೇವೆ, ಹಳಸಿದ್ದನ್ನು ಚೆಲ್ಲುತ್ತೇವೆ. ಅದು ಬೇರೆ ಚರ್ಚೆಯಾದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ. ಆದರೆ ‘ಹಳೆ’ ಮತ್ತು ‘ಹಳಸು’ ಒಂದೇ ಮೂಲದಿಂದ ಬಂದಿದ್ದರೂ ಉಗ್ರಾಣದಲ್ಲಿ ಅವುಗಳ ದಾರಿ ಬೇರೆಯೆಂಬುದು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದು. ಹಳೆ ಅಕ್ಕಿ ದೋಷವಲ್ಲ. ಸ್ವಲ್ಪ ಹಳದಿ ತಿರುಗಿದ್ದರೂ ಅನ್ನ ಉದುರುದುರಾಗಿ ಆಗುವುದರಿಂದ ಅದನ್ನು ಬಯಸುವವರೇ ಹೆಚ್ಚು. ಬಣ್ಣ ನೋಡಿದೊಡನೆ ಹಿಂದಿರುಗಿಸುವ ಹೊಸಬರನ್ನು ನಾನು ಕಂಡಿದ್ದೇನೆ.

ನಾಲ್ಕನೆಯ ಉತ್ತರ

ನನ್ನ ಅನುಭವ ಎಣ್ಣೆಯದು. ಚಳಿಗಾಲದಲ್ಲಿ ಬಂದ ಡಬ್ಬಗಳಲ್ಲಿ ಎಣ್ಣೆ ಮಂಕಾಗಿ, ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿತ್ತು. ನಾನು ‘ಎಣ್ಣೆ ಕೆಟ್ಟಿದೆ’ ಎಂದು ಬರೆದು ಅಷ್ಟನ್ನೂ ಹಿಂದೆ ಕಳಿಸಿದೆ. ಆ ವಾರವೆಲ್ಲ ಒಗ್ಗರಣೆಗೆ ಪರದಾಡಿದೆವು. ಅದು ಹೆಪ್ಪುಗಟ್ಟಿದ್ದು ಮಾತ್ರ, ಬಿಸಿಲಿಗಿಟ್ಟಿದ್ದರೆ ತಿಳಿಯಾಗುತ್ತಿತ್ತು ಎಂದು ನಮ್ಮ ಹಿರಿಯ ಅಡುಗೆಯವರು ಆಮೇಲೆ ಹೇಳಿದರು. ಎಣ್ಣೆ ನಿಜವಾಗಿ ಕೆಟ್ಟದ್ದಕ್ಕೆ ಅವರು ಬಳಸುವ ಪದ ‘ಕಮಟು’. ಅಂಗೈಗೆ ನಾಲ್ಕು ಹನಿ ಹಾಕಿ ಉಜ್ಜಿ ಮೂಸಿದರೆ ಕಮಟು ಕೂಡಲೇ ಗೊತ್ತಾಗುತ್ತದೆ, ಕಣ್ಣಿಗೆ ಎಣ್ಣೆ ತಿಳಿಯಾಗಿಯೇ ಇರಬಹುದು. ಅಕ್ಕಿಗೂ ‘ಕಮಟು’ ಎನ್ನಬಹುದೇ?

ಮೊದಲ ಉತ್ತರದವರು

ಅಕ್ಕಿಗೆ ಕೇಳಿಲ್ಲ. ತುಪ್ಪ, ಎಣ್ಣೆ, ಕೊಬ್ಬರಿಗೆ ಕಮಟು ಹೊಂದುತ್ತದೆ. ಬೂಷ್ಟಿನ ವಿಷಯದಲ್ಲಿ ನಾನು ಅವಸರಪಟ್ಟೆ ಎಂದು ಒಪ್ಪುತ್ತೇನೆ. ಆದರೂ ವಾಸನೆಯನ್ನೇ ನೆಚ್ಚಿ ಬರೆದರೆ, ನನಗೆ ಬರದ ವಾಸನೆ ನಿಮಗೆ ಹೇಗೆ ಬಂತು ಎಂದು ಸರಬರಾಜುದಾರರು ಕೇಳುತ್ತಾರೆ. ಅದಕ್ಕೆ ಉತ್ತರವೇನು?

ಎರಡನೆಯ ಉತ್ತರದವರು

ಮಾದರಿ ತೆಗೆದಿಡುವುದೊಂದೇ ಉತ್ತರ. ಚಾಲಕರ ಎದುರಿಗೇ ಹೆಂಟೆಯನ್ನೂ ಸುತ್ತಲಿನ ಅಕ್ಕಿಯನ್ನೂ ಡಬ್ಬಿಗೆ ಹಾಕಿ, ಮುಚ್ಚಿ, ಚೀಟಿ ಅಂಟಿಸಿ ಇಬ್ಬರೂ ಸಹಿ ಹಾಕಬೇಕು. ಆದರೂ ಮೂಗಿನ ಜಗಳ ಪೂರ್ತಿ ತಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಪ್ರತ್ಯೇಕವಾಗಿಟ್ಟಿದ್ದ 3 ಚೀಲಗಳನ್ನು ಇಂದು ಮತ್ತೆ ನೋಡಿದೆ. ಎರಡರಲ್ಲಿ ಕಲೆಯ ಅಂಚಿಗೆ ಗಾಢ ಗೆರೆಯಿದೆ, ಹೆಂಟೆಯನ್ನು ನೆಲಕ್ಕೆ ಕುಟ್ಟಿ ಒಡೆಯಬೇಕಾಯಿತು, ಲೋಟದ ಮುಚ್ಚಳ ತೆಗೆದಾಗ ಅಡುಗೆಯವರು ಮುಖ ತಿರುಗಿಸಿದರು. ಮೂರನೆಯದರ ಕಲೆಗೆ ಗೆರೆಯಿಲ್ಲ, ಹೆಂಟೆ ಬೆರಳಿಗೇ ಪುಡಿಯಾಗುತ್ತದೆ, ವಾಸನೆಯೂ ಸ್ಪಷ್ಟವಾಗಿಲ್ಲ. ಅದು ಬಹುಶಃ ನಿಜವಾಗಿಯೂ ಮೊನ್ನೆಯ ಮಳೆಗೆ ತೊಯ್ದದ್ದು. ಹಳೆಯ ಷರಾವನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಹೀಗೆ ಬರೆದಿದ್ದೇನೆ: ‘40 ಚೀಲಗಳಲ್ಲಿ 2 ಮುಗ್ಗಿ ಬಂದಿವೆ, ಗಟ್ಟಿ ಹೆಂಟೆಯಿದೆ, ಹಿಂದಿರುಗಿಸಬೇಕು, 1 ತೊಯ್ದು ಬಂದಿದೆ, ಬೇರೆ ಇಡಲಾಗಿದೆ.’

ಇನ್ನೊಂದು ಪದ ಬೇಕಾಗಿದೆ. ಚೀಲವನ್ನು ಬಿಚ್ಚದೆ, ಹೊಲಿಗೆಯ ಪಕ್ಕದಲ್ಲಿ ಚುಚ್ಚಿ ನಡುಭಾಗದ ಕಾಳನ್ನು ಹೊರತೆಗೆಯುವ, ಒಂದು ಕಡೆ ಸೀಳಿದ ಚೂಪು ಕೊಳವೆಗೆ ನಿಮ್ಮ ಕಡೆ ಏನೆನ್ನುತ್ತಾರೆ? ನಮ್ಮಲ್ಲಿ ‘ಚುಚ್ಚುವ ಕೊಳವೆ’ ಎಂದೇ ಕರೆಯುತ್ತೇವೆ.