ಡ್ರಿಪ್ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ, ಲೆಕ್ಕ ಮಾಡಿದರೆ ಒಂದು ಮರಕ್ಕೆ 467 ಲೀಟರ್ ಬರುತ್ತಿದೆ. ತಪ್ಪೆಲ್ಲಿ?

ಶ್ರೀನಿವಾಸಪುರ_ತೋಪು
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಡ್ರಿಪ್ ಸೆಟ್ ಜೊತೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಅಪ್ಪನಿಗೂ ಪಕ್ಕದ ತೋಪಿನವರಿಗೂ ಆಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪೈಪು, ಫಿಲ್ಟರ್ ಎಲ್ಲ ಮುಗಿಯಿತು. ದಿನದ ನೀರಿನ ಲೆಕ್ಕದ ಪುಟದಲ್ಲಿ ಸಿಕ್ಕಿಹಾಕಿಕೊಂಡೆ. ಸೂತ್ರ ಇದು:

```
V = E x Kp x Kc x A / Eu
```

V ಅಂದರೆ ಒಂದು ಮರಕ್ಕೆ ದಿನಕ್ಕೆ ಬೇಕಾದ ಲೀಟರ್. ಏಪ್ರಿಲ್ ತಿಂಗಳಿಗೆ ತೆರೆದ ತಟ್ಟೆಯಿಂದ ದಿನಕ್ಕೆ ಆವಿಯಾಗುವ ನೀರು E 8 ಮಿ.ಮೀ., ಆ ತಟ್ಟೆಯ ಗುಣಾಂಕ Kp 0.7, ಬೆಳೆಯ ಗುಣಾಂಕ Kc 0.75, ಡ್ರಿಪ್ ಎಷ್ಟು ಸಮನಾಗಿ ನೀರು ಹಂಚುತ್ತೆ ಅನ್ನುವ Eu 0.9 ಹಾಕಿದೆ. ಮಾವು, 40 ಮರ. ಒಂದು ಮರಕ್ಕೆ ದಿನಕ್ಕೆ 467 ಲೀಟರ್, ಒಟ್ಟು 18,680 ಲೀಟರ್ ಬಂತು. ನಮ್ಮ ಬೋರು ಇಷ್ಟು ನೀರು ಕೊಡುವ ಮಾತೇ ಇಲ್ಲ. ಮೂರು ಸಲ ಮಾಡಿದರೂ ಅದೇ ಉತ್ತರ. ಸೂತ್ರವೇ ತಪ್ಪಾ?

ಚಿಂತಾಮಣಿ_ಫಿಟ್ಟರ್
ಲೆಕ್ಕ ಆಮೇಲೆ ನೋಡೋಣ ಮೇಡಂ, ಮೊದಲು ಡ್ರಿಪ್ಪರ್ ನೋಡಿ. ನಮ್ಮ ಕಡೆ ಬೋರ್ ನೀರಲ್ಲಿ ಸುಣ್ಣ ಜಾಸ್ತಿ, ಡ್ರಿಪ್ಪರ್ ಬಾಯಿಗೆ ಬೆಳ್ಳಗೆ ಕಟ್ಟಿಕೊಳ್ಳುತ್ತೆ. ಪುಸ್ತಕದಲ್ಲಿ ಎಷ್ಟು ಲೀಟರ್ ಅಂತ ಬರೆದಿದ್ದರೂ ಮರಕ್ಕೆ ಹೋಗೋದು ಅರ್ಧ. 4 ಲೀಟರಿನ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಮೂರು ನಿಮಿಷ ಹಿಡಿಯಿರಿ, 200 ಮಿ.ಲೀ. ಬರಬೇಕು. ಪಂಪಿಗೆ ಹತ್ತಿರದ ಸಾಲಲ್ಲಿ ಒಂದು, ಕೊನೆ ಸಾಲಿನ ತುದಿಯಲ್ಲಿ ಒಂದು ಹಿಡಿದು ಹೇಳಿ.

ಕೆಂಪುಮಣ್ಣು
ಫಿಟ್ಟರ್ ಅಣ್ಣ, ಅವರು ಕೇಳುತ್ತಿರುವುದು ಡ್ರಿಪ್ಪರ್ ವಿಷಯ ಅಲ್ಲ. ತಂಗಿ, ನೀನು A ಎಷ್ಟು ಹಾಕಿದೆ ಅಂತ ಬರೆದೇ ಇಲ್ಲ. ಮರಕ್ಕೆ ಎಷ್ಟು ವರ್ಷ, ಸಾಲಿಂದ ಸಾಲಿಗೆ ಎಷ್ಟು, ಮಧ್ಯಾಹ್ನ ನೆರಳು ಎಷ್ಟು ಅಗಲ ಬೀಳುತ್ತೆ ಅಂತಲೂ ಹೇಳು.

ತಿಪಟೂರು_ತೆಂಗು
18,000 ಲೀಟರ್‌ಗೆ ಹೆದರಬೇಡಿ. ನನ್ನ ತೆಂಗಿನ ತೋಟದಲ್ಲಿ ಸ್ಯಾಂಡ್ ಫಿಲ್ಟರ್, ಡಿಸ್ಕ್ ಫಿಲ್ಟರ್ ಎರಡೂ ಇದೆ, ವೆಂಚುರಿ ಇದೆ, ಮೋಟರ್ ಮೊಬೈಲಲ್ಲೇ ಆನ್ ಆಗುತ್ತೆ. ನಾಲ್ಕು ವಾಲ್ವ್ ಮಾಡಿ ಸರದಿ ಮೇಲೆ ಬಿಟ್ಟರೆ ಸಣ್ಣ ಬೋರಲ್ಲೂ ನಡೆಯುತ್ತೆ. ದೊಡ್ಡ ತೊಟ್ಟಿ ಕಟ್ಟಿಸಿ, ರಾತ್ರಿ ತುಂಬಿಸಿಕೊಳ್ಳಿ.

ಶ್ರೀನಿವಾಸಪುರ_ತೋಪು
A 100 ಹಾಕಿದೆ, ನಾಟಿ 10 ಮೀಟರ್ ಗುಣಿಸು 10 ಮೀಟರ್ ಅಲ್ಲವಾ, ಅದಕ್ಕೆ. ತೋತಾಪುರಿ, ಏಳು ವರ್ಷ. ಕೈಪಿಡಿಯಲ್ಲಿ A ಅಂದರೆ 'ಕ್ಯಾನೊಪಿ ಏರಿಯಾ' ಅಂತಿದೆ. ನಾನು 'ಒಂದು ಗಿಡದ ವಿಸ್ತೀರ್ಣ' ಅಂತ ಬರೆದುಕೊಂಡೆ. ನೆರಳು ಇವತ್ತು ಟೇಪ್ ಹಿಡಿದು ಅಳೆದೆ, ಹತ್ತು ಮರದ ಸರಾಸರಿ 4 ಮೀಟರ್.

ಕೆಂಪುಮಣ್ಣು
ಅಲ್ಲೇ ಇದೆ ನೋಡು. ತಪ್ಪಿರುವುದು ಅನುವಾದ, ಸೂತ್ರ ಸರಿಯಾಗೇ ಇದೆ. 'ಒಂದು ಗಿಡದ ವಿಸ್ತೀರ್ಣ' ಅಂತ ಓದಿದ ಯಾರೇ ಆದರೂ ಗಿಡಕ್ಕೆ ಬಿಟ್ಟ ಜಾಗ ಅಂತಲೇ ತಿಳಿಯುತ್ತಾರೆ. ಅಲ್ಲಿ ಬೇಕಿರುವುದು ನೆತ್ತಿ ಮೇಲೆ ಬಿಸಿಲಿದ್ದಾಗ ಮರದ ಕೆಳಗೆ ಬೀಳುವ ನೆರಳಿನ ಅಳತೆ. ನೀರು ಆವಿಯಾಗಿ ಹೋಗುವುದು ಹೆಚ್ಚಾಗಿ ಎಲೆಯಿಂದ. ಡ್ರಿಪ್‌ನಲ್ಲಿ ಎರಡು ಮರದ ನಡುವಿನ ನೆಲ ಒಣಗಿಯೇ ಇರುತ್ತೆ, ಒಣ ನೆಲಕ್ಕೆ ನಾವು ನೀರು ಲೆಕ್ಕ ಹಾಕಬಾರದು.

4 ಮೀಟರ್ ನೆರಳಿಗೆ: 4 ಗುಣಿಸು 4 ಗುಣಿಸು 0.785, ಅಂದರೆ 12.56 ಚದರ ಮೀಟರ್. ನೀನು 100 ಹಾಕಿದ್ದೀಯ, ಎಂಟು ಪಾಲು ಜಾಸ್ತಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರು ಅಂದರೆ ಒಂದು ಲೀಟರ್, ಹಾಗಾಗಿ ಉತ್ತರ ನೇರ ಲೀಟರಲ್ಲೇ ಬರುತ್ತೆ:

```
8 x 0.7 x 0.75 = 4.2
4.2 x 12.56 / 0.9 = 58.6
```

ಮರಕ್ಕೆ ಸುಮಾರು 59 ಲೀಟರ್, 40 ಮರಕ್ಕೆ 2,360. ಕನ್ನಡದಲ್ಲಿ 'ಮಧ್ಯಾಹ್ನದ ನೆರಳಿನ ವಿಸ್ತೀರ್ಣ' ಅಂತ ಬರಿ, ಯಾರಿಗೂ ಎಡವಟ್ಟಾಗಲ್ಲ. ಪ್ರತಿ ವರ್ಷ ಅಳೆಯಬೇಕು ಅಂತಲೂ ಸೇರಿಸು. ನೆರಳು 6 ಮೀಟರ್ ಆದ ವರ್ಷ ಇದೇ ಲೆಕ್ಕ 132 ಲೀಟರ್‌ಗೆ ಏರುತ್ತೆ.

ಪದಪ್ರೀತಿ_ಗುಬ್ಬಿ
ಅನುವಾದದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಲ್ಯಾಟರಲ್ ಅನ್ನು 'ಪಾರ್ಶ್ವನಾಳ', ಡ್ರಿಪ್ಪರ್ ಅನ್ನು 'ಹನಿಕ' ಅಂತ ಮಾಡಿ. ಕನ್ನಡ ಪುಸ್ತಕ ಅಂದಮೇಲೆ ಕನ್ನಡ ಪದ ಇರಬೇಕು.

ಚಿಂತಾಮಣಿ_ಫಿಟ್ಟರ್
ಅಂಗಡಿಗೆ ಹೋಗಿ 16 ಎಂ.ಎಂ. ಪಾರ್ಶ್ವನಾಳ ಕೊಡಿ ಅಂದರೆ ಯಾರಿಗೂ ಗೊತ್ತಾಗಲ್ಲ ಸರ್. ಲ್ಯಾಟರಲ್, ಗ್ರೊಮೆಟ್, ಎಂಡ್ ಕ್ಯಾಪ್, ಹೀಗೇ ಇರಲಿ. ಮೇಡಂ, ಲೋಟದ ಅಳತೆ ಆಯ್ತಾ?

ಪದಪ್ರೀತಿ_ಗುಬ್ಬಿ
ಹೊಸ ಪದ ಬಳಸದೆ ರೂಢಿ ಆಗುವುದಾದರೂ ಹೇಗೆ? ಹೇಳುವ ರೀತಿಯೂ ಮುಖ್ಯ. ಇವರ ಸಮಸ್ಯೆ ಹುಟ್ಟಿದ್ದೇ ಪದದಿಂದ.

ಕೆಂಪುಮಣ್ಣು
ಹೌದು, ಪದದಿಂದಲೇ. ಆದರೆ ಕೈಕೊಟ್ಟಿದ್ದು ಇಂಗ್ಲಿಷ್ ಪದ ಅಲ್ಲ, ಕನ್ನಡದಲ್ಲಿ ಬರೆದ 'ವಿಸ್ತೀರ್ಣ'.

ಶ್ರೀನಿವಾಸಪುರ_ತೋಪು
ತುಂಬಾ ಥ್ಯಾಂಕ್ಸ್ ಅಣ್ಣ, 59 ಅಂದಾಗ ಉಸಿರು ಬಂತು. ಫಿಟ್ಟರ್ ಅಣ್ಣ ಹೇಳಿದಂತೆ ಲೋಟ ಇಟ್ಟೆ. ಮೊದಲ ಸಾಲಲ್ಲಿ 195 ಮಿ.ಲೀ., ಕೊನೆ ಸಾಲಿನ ತುದಿಯಲ್ಲಿ 160. ಮರಕ್ಕೆ ನಾಲ್ಕು ಡ್ರಿಪ್ಪರ್ ಇದೆ. ಇನ್ನೊಂದು ವಾಕ್ಯ ಅರ್ಥ ಆಗುತ್ತಿಲ್ಲ: ಡ್ರಿಪ್ಪರ್‌ಗಳನ್ನು 'ಡ್ರಿಪ್ ಲೈನ್' ಹತ್ತಿರ ಇಡಿ ಅಂತಿದೆ. ಡ್ರಿಪ್ಪರ್ ಇರೋದೇ ಡ್ರಿಪ್ ಪೈಪಲ್ಲಿ ಅಲ್ಲವಾ?

ಚಿಂತಾಮಣಿ_ಫಿಟ್ಟರ್
ನೋಡಿ, ಹೇಳಿದೆನಲ್ಲ! 160 ಅಂದರೆ ಗಂಟೆಗೆ 3.2 ಲೀಟರ್. ಸುಣ್ಣ ಕರಗೋಕೆ ಪೈಪಲ್ಲಿ ಆಸಿಡ್ ಬಿಡಲೇಬೇಕು.

ಕೆಂಪುಮಣ್ಣು
ಅಣ್ಣ, ಇದು ಒಳ್ಳೇ ಅಳತೆ, ಗಂಟೆ ಲೆಕ್ಕಕ್ಕೆ ಬೇಕಾದದ್ದೇ ಇದು. ಪೂರ್ತಿ 4 ಲೀಟರ್ ಬಂದರೆ ನಾಲ್ಕು ಡ್ರಿಪ್ಪರಿಗೆ ಗಂಟೆಗೆ 16, ಅಂದರೆ 3 ಗಂಟೆ 40 ನಿಮಿಷ ಬಿಡಬೇಕು. ಕೊನೆ ಮರದಲ್ಲಿ 12.8 ಮಾತ್ರ, ಅಲ್ಲಿಗೆ 4 ಗಂಟೆ 35 ನಿಮಿಷ ಬೇಕಾಗುತ್ತೆ. ಆದರೆ ಆಸಿಡ್‌ಗೆ ಮೊದಲು ಫಿಲ್ಟರ್ ತೊಳೆದು, ಎಂಡ್ ಕ್ಯಾಪ್ ಬಿಚ್ಚಿ, ನೀರು ತಿಳಿಯಾಗುವ ತನಕ ಪೈಪಲ್ಲಿ ಹರಿಯಲಿ, ಆಮೇಲೆ ಮತ್ತೆ ಲೋಟ ಹಿಡಿ. ಕೊನೆಯ ಎಲ್ಲಾ ಮರಕ್ಕೂ ಒಂದೇ ಸಮ ಕಮ್ಮಿ ಬಂದರೆ ಅದು ಒತ್ತಡದ ಕೊರತೆ. ಒಂದರಲ್ಲಿ 190, ಪಕ್ಕದ್ದರಲ್ಲಿ 110 ಹೀಗೆ ಏರುಪೇರಾದರೆ ಕಟ್ಟಿಕೊಂಡಿದೆ ಅಂತ ಅರ್ಥ. ಒತ್ತಡದ ಕೊರತೆಗೆ ಆಸಿಡ್ ಏನೂ ಮಾಡಲ್ಲ.

'ಡ್ರಿಪ್ ಲೈನ್' ಅಂದರೆ ಇಲ್ಲಿ ಪೈಪು ಅಲ್ಲ ತಂಗಿ. ಮಳೆ ಬಂದಾಗ ಮರದ ಹೊರಗಿನ ಎಲೆಯಿಂದ ಹನಿ ತೊಟ್ಟಿಕ್ಕುವ ಅಂಚು ಅದು. 'ನೆರಳಿನ ಅಂಚು' ಅಂತ ಬರಿ, ಮೊದಲ ಪದಕ್ಕೂ ಹೊಂದುತ್ತೆ. ನಿನ್ನ ಮರದಲ್ಲಿ ಬುಡದಿಂದ ಸುಮಾರು 5 ಅಡಿ ಆಚೆ ಸುತ್ತಲೂ ಪೈಪ್ ಸುತ್ತಿ ನಾಲ್ಕು ಕಡೆ ಡ್ರಿಪ್ಪರ್ ಬರಲಿ. ಬುಡಕ್ಕೇ ಬಿಟ್ಟರೆ ನೀರು ಹೀರುವ ಸಣ್ಣ ಬೇರಿಗೆ ತಲುಪಲ್ಲ, ಬುಡದ ತೊಗಟೆಯೂ ಸದಾ ಒದ್ದೆಯಿದ್ದು ಕೊಳೆಯುತ್ತೆ.

ಚಿಂತಾಮಣಿ_ಫಿಟ್ಟರ್
ಒತ್ತಡದ ಮಾತು ಒಪ್ಪಿದೆ, ತೊಳೆದು ನೋಡಲಿ. ಆದರೆ ನಿಮ್ಮ Kc 0.75 ಮಾವಿಗೆ ಜಾಸ್ತಿ ಆಯ್ತು. 0.65 ಸಾಕು.

ಕೆಂಪುಮಣ್ಣು
ಏಪ್ರಿಲಲ್ಲಿ ಕಾಯಿ ದಪ್ಪ ಆಗುವ ಹೊತ್ತು ಅಣ್ಣ, ಆಗ ಕಡಿಮೆ ಮಾಡಿದರೆ ಕಾಯಿ ಉದುರುತ್ತೆ. 0.65 ಹಾಕಿದರೆ ಸುಮಾರು 51 ಲೀಟರ್, ವ್ಯತ್ಯಾಸ 8 ಲೀಟರ್. ಅರ್ಧ ತೋಪಿಗೆ ಒಂದು, ಇನ್ನರ್ಧಕ್ಕೆ ಇನ್ನೊಂದು ಬಿಟ್ಟು ನೋಡದೆ ಹೇಳಕ್ಕಾಗಲ್ಲ. ತಂಗಿ, ಈ ಲೆಕ್ಕ ವರ್ಷಪೂರ್ತಿ ಅಲ್ಲ ಅಂತ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕು. ಫಸಲು ಬಿಡುವ ಮರಕ್ಕೆ ಹೂ ಬರುವ ಮುಂಚಿನ ಎರಡು ತಿಂಗಳು ನೀರು ನಿಲ್ಲಿಸಬೇಕು. ಆಗ ಬಿಟ್ಟರೆ ಹೂವಿನ ಬದಲು ಚಿಗುರು ಬರುತ್ತೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದಮೇಲೆ ಮತ್ತೆ ಶುರು.

ಶ್ರೀನಿವಾಸಪುರ_ತೋಪು
ಪೈಪು ತೊಳೆದೆ. ಕೊನೆ ಸಾಲು ಎಲ್ಲಾ ಕಡೆ 165 ರಿಂದ 170. ಒತ್ತಡ ಅಂತ ಅನ್ನಿಸುತ್ತಿದೆ. ಸಬ್ ಮೇನ್ 50 ಎಂ.ಎಂ. ಇದೆ, ಉದ್ದ ಅಳೆದು ಹೇಳುತ್ತೇನೆ.

ತಿಪಟೂರು_ತೆಂಗು
ನೆರಳಿನ ಲೆಕ್ಕ ತೆಂಗಿಗೂ ಹೊಂದುತ್ತಾ? ನನ್ನದು 25 ಅಡಿ ಅಂತರ, ನೆರಳು ಒಂದಕ್ಕೊಂದು ಸೇರಿಕೊಂಡಿದೆ.