ಷರತ್ತು ಬರೆದ ಚೆಕ್ಕು

ನಮ್ಮ ಹೈಸ್ಕೂಲಿನ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ 23 ಜನರಿದ್ದೇವೆ. ಅದರ ಅಡ್ಮಿನ್ ಎಂಬ ಸಂಬಳವಿಲ್ಲದ ಹುದ್ದೆ ನನ್ನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ಪುಕ್ಕಟೆಯಾಗಿ ಓಡಾಡತೊಡಗಿದ ದಿನಗಳಲ್ಲಿ ನಮ್ಮ ಇಂಜಿನಿಯರ್ ಮಹಾಶಯ ಅದನ್ನು ‘ಬಿಟ್ಟಿ ಭಾಗ್ಯ’ ಎಂದು ಕರೆದ. ಮೇಷ್ಟ್ರು ಅದು ಹೆಣ್ಣುಮಕ್ಕಳ ಹಕ್ಕು ಎಂದರು. ರಾತ್ರಿ ಹನ್ನೊಂದರ ಹೊತ್ತಿಗೆ ಬಸ್ಸು ದಾರಿ ತಪ್ಪಿತ್ತು: ಇವನು ಅವರನ್ನು ‘ಪಕ್ಷದ ಗುಲಾಮ’ ಎಂದ, ಅವರು “ಮೊನ್ನೆ ಶೂನ್ಯ ಟಿಕೆಟ್ಟಿನಲ್ಲಿ ಧರ್ಮಸ್ಥಳಕ್ಕೆ ಹೋಗಿಬಂದ ನಿಮ್ಮ ಮನೆಯವರನ್ನು ಮೊದಲು ವಿಚಾರಿಸಿಕೊಳ್ಳಿ” ಎಂದು ಬರೆದುಬಿಟ್ಟರು.

ಬೆಳಗಾಗುತ್ತಲೇ ಮೇಷ್ಟ್ರಿಗೆ ಜ್ಞಾನೋದಯವಾಗಿ ಆ ಸಾಲನ್ನು ಎಲ್ಲರ ಫೋನಿನಿಂದಲೂ ಅಳಿಸಿದರು. ಆದರೆ ಅಳಿಸಿದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಗುರುತು ಉಳಿಯುತ್ತದೆ. ಅದನ್ನು ಕಂಡು, ರಾತ್ರಿ ಬೇಗ ಮಲಗಿದ್ದ ಪುಣ್ಯವಂತರೆಲ್ಲ “ಏನಿತ್ತು, ಏನಿತ್ತು?” ಎಂದು ಕೇಳತೊಡಗಿದರು, ಒಬ್ಬ ಪರೋಪಕಾರಿ ಸ್ಕ್ರೀನ್‌ಶಾಟ್ ಹಾಕಿದ. ಸಂಜೆ ಇಂಜಿನಿಯರ್ ಸದ್ದಿಲ್ಲದೆ ಗುಂಪು ಬಿಟ್ಟ. ಈಗೀಗ ಹಾಗೆ ಬಿಟ್ಟರೆ ಸೂಚನೆ ಹೋಗುವುದು ಅಡ್ಮಿನ್‌ಗೆ ಮಾತ್ರವಾದ್ದರಿಂದ ಆ ಶೋಕವಾರ್ತೆಯನ್ನು ಎರಡು ದಿನ ನಾನೊಬ್ಬನೇ ಹೊತ್ತು ತಿರುಗಿದೆ.

ಮೂರು ವಾರ ಕಳೆದ ಮೇಲೆ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತನಾದ ನಮ್ಮ ಕ್ಯಾಷಿಯರ್ ಮತ್ತು ನಾನು ಹೋಟೆಲಿನಲ್ಲಿ ಕುಳಿತು ಒಂದೊಂದು ಪ್ಲೇಟ್ ಇಡ್ಲಿಯ ಮುಂದೆ ಈ ಕಡತವನ್ನು ಬಿಚ್ಚಿದೆವು. ಮೇಷ್ಟ್ರು ಒಂದು ಕ್ಷಮಾಪಣೆಯನ್ನು ಬರೆದು ತಂದಿದ್ದರು: “ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ.”

“ಇದು ನಡೆಯುವುದಿಲ್ಲ,” ಎಂದ ಕ್ಯಾಷಿಯರ್. “ಷರತ್ತು ಬರೆದ ಚೆಕ್ಕನ್ನು ನಾವು ಕೌಂಟರಿನಲ್ಲೇ ಹಿಂದಿರುಗಿಸುತ್ತಿದ್ದೆವು. ‘ಯಾರಿಗಾದರೂ’ ಎಂದರೆ ಯಾರಿಗೆ? ಪಡೆಯುವವನ ಹೆಸರಿಲ್ಲ. ‘ನೋವಾಗಿದ್ದಲ್ಲಿ’ ಎಂದರೆ ನೋವಾದದ್ದಕ್ಕೆ ಅವನೇ ದಾಖಲೆ ಒದಗಿಸಬೇಕೇ?”

ಮೇಷ್ಟ್ರು ಹಾಳೆಯನ್ನು ಮಗುಚಿದರು. ಹಿಂಬದಿಯಲ್ಲಿ ‘ಆದರೆ’ ಎಂದು ಆರಂಭವಾಗಿ, ಮಹಿಳೆಯರ ದುಡಿಮೆ ಮತ್ತು ಸಾರಿಗೆಯ ಸಂಬಂಧವನ್ನು ಕುರಿತ ನಾಲ್ಕು ಪ್ಯಾರಾಗಳಿದ್ದವು. ವಾದ ಚೆನ್ನಾಗಿಯೇ ಇತ್ತು; ನನಗಂತೂ ಒಪ್ಪಿಗೆಯೂ ಆಯಿತು. ಕ್ಯಾಷಿಯರ್ ಮಾತ್ರ ಸಪ್ಲೈಯರನ ಕಿವಿಯಲ್ಲಿದ್ದ ಪೆನ್ನನ್ನು ಇಸಿದುಕೊಂಡು ನಾಲ್ಕನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದ.

“ಬಸ್ಸಿನ ಬಗ್ಗೆ ನಾನು ಹೇಳಿದ್ದು ತಪ್ಪೇ?” ಎಂದು ಮೇಷ್ಟ್ರು ಕೆರಳಿದರು.

“ಬಸ್ಸಿನ ವಿಷಯದಲ್ಲಿ ಅವನು ಕೋಪಿಸಿಕೊಂಡೇ ಇಲ್ಲ, ಸ್ವಾಮಿ. ಹತ್ತೂವರೆಯವರೆಗೂ ನಗುಮುಖದ ಚಿತ್ರ ಹಾಕಿ ಹಾಕಿಯೇ ಜಗಳವಾಡುತ್ತಿದ್ದ. 22 ಜನರೆದುರು ಅವನ ಹೆಂಡತಿಯನ್ನು ಎಳೆದು ತಂದಿರಲ್ಲ, ಕೆಟ್ಟದ್ದು ಅಲ್ಲಿ. ಇಬ್ಬರೇ ಇದ್ದಿದ್ದರೆ ನೀವು ಆ ಮಾತನ್ನು ಆಡುತ್ತಲೇ ಇರಲಿಲ್ಲ, ಚಪ್ಪಾಳೆಗಾಗಿ ಆಡಿದಿರಿ.”

ಮೇಷ್ಟ್ರು ಚಟ್ನಿಯನ್ನು ಬೆರಳಿನಿಂದ ಸುಮ್ಮನೆ ತಿರುವಿದರು. ಆ ರಾತ್ರಿ ಆ ಸಾಲಿಗೆ ಮೂವರು ಹೆಬ್ಬೆರಳಿನ ಚಿತ್ರ ಒತ್ತಿದ್ದರು. ಅವರಲ್ಲಿ ನಾನೂ ಒಬ್ಬನೆಂಬುದನ್ನು ಆ ಹೊತ್ತಿನಲ್ಲಿ ಯಾರೂ ನೆನಪಿಸಲಿಲ್ಲ.

ಗುಂಪಿನಲ್ಲೇ ಕ್ಷಮೆ ಕೇಳಿಬಿಡುವುದು ನನ್ನ ಸಲಹೆಯಾಗಿತ್ತು. ಕ್ಯಾಷಿಯರ್ ಒಪ್ಪಲಿಲ್ಲ: ಅವನೇ ಇಲ್ಲದ ಗುಂಪಿನಲ್ಲಿ ಕೇಳಿದರೆ ಅದೂ ಚಪ್ಪಾಳೆಯ ಲೆಕ್ಕಕ್ಕೇ ಜಮೆಯಾಗುತ್ತದೆ, ಮೊದಲು ಮನೆಗೆ ಹೋಗಬೇಕು, ಆಮೇಲೆ ಗುಂಪಿನಲ್ಲಿ ಒಂದೇ ಸಾಲು ಹಾಕಬೇಕು, ಏಕೆಂದರೆ ಬಹಿರಂಗವಾಗಿ ಆಡಿದ್ದನ್ನು ಗುಟ್ಟಾಗಿ ಹಿಂತೆಗೆದುಕೊಂಡರೆ ಉಳಿದವರ ಖಾತೆಯಲ್ಲಿ ಹಳೆಯ ನಮೂದೇ ನಿಂತಿರುತ್ತದೆ. ‘ಗುಲಾಮ’ ಎಂದದ್ದಕ್ಕೆ ಪ್ರತಿಯಾಗಿ ಅವನೂ ಏನಾದರೂ ಹೇಳುತ್ತಾನೆಯೇ ಎಂದು ಕಾಯುವಂತಿಲ್ಲ. “ಅದು ಅವನ ಸಾಲ, ವಸೂಲಿಗೆ ನಾವು ಹೋಗುತ್ತಿಲ್ಲ.”

ಮೇಷ್ಟ್ರು ಫೋನು ಮಾಡಿದರು. ಅವನು ಎತ್ತಲಿಲ್ಲ. “ಭಾನುವಾರ ಹತ್ತಕ್ಕೆ ಬರುತ್ತೇನೆ, ಬಸ್ಸಿನ ಮಾತಿಲ್ಲ” ಎಂದು ಸಂದೇಶ ಕಳಿಸಿದರು. ಎರಡು ಗೀಟುಗಳು ನೀಲಿಯಾದವು, ಉತ್ತರ ಬರಲಿಲ್ಲ. “ಬರಬೇಡ ಎಂದಿಲ್ಲವಲ್ಲ,” ಎಂದ ಕ್ಯಾಷಿಯರ್.

ಭಾನುವಾರ ನಾವು ಮೂವರೂ ಹೋದೆವು. ಇಂಜಿನಿಯರ್ ಪತ್ರಿಕೆಯ ಹಿಂದೆ ಅಡಗಿದ್ದ. ಪತ್ರಿಕೆ ಹಿಂದಿನ ದಿನದ್ದು. ಮೇಷ್ಟ್ರು ಅವನನ್ನು ದಾಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮಾ, ನಿಮ್ಮ ಪ್ರಯಾಣದ ವಿಷಯವನ್ನು ನಾನು ಗುಂಪಿನಲ್ಲಿ ಎತ್ತಿದ್ದು ತಪ್ಪು. ಕ್ಷಮಿಸಬೇಕು,” ಎಂದರು. ‘ಆದರೆ’ ಬರುವುದೋ ಎಂದು ನಾನು ಉಸಿರು ಬಿಗಿಹಿಡಿದಿದ್ದೆ, ಬರಲಿಲ್ಲ. ಪತ್ರಿಕೆ ಮೆಲ್ಲನೆ ಕೆಳಗಿಳಿಯಿತು. “ನಾನು ಬರೆದದ್ದೂ ಅತಿಯಾಯಿತು, ಮೇಷ್ಟ್ರೇ,” ಎಂದಿತು ಅದರ ಹಿಂದಿನ ಧ್ವನಿ. ಮೇಷ್ಟ್ರು ಅಲ್ಲೇ ಕುಳಿತು ಗುಂಪಿಗೆ ಒಂದು ಸಾಲು ಬರೆದರು. ನಾನು ಇಂಜಿನಿಯರನನ್ನು ಮತ್ತೆ ಸೇರಿಸಿ, ಯಾರಾದರೂ ಬಸ್ಸು ಹತ್ತುವ ಮೊದಲೇ, ಆ ದಿನದ ಮಟ್ಟಿಗೆ ಅಡ್ಮಿನ್ ಹೊರತು ಯಾರೂ ಬರೆಯದಂತೆ ಬೀಗ ಹಾಕಿದೆ.

ಆಕೆ ಕಾಫಿ ತಂದಿಟ್ಟು ಮೇಷ್ಟ್ರ ಕಡೆ ತಿರುಗಿ, “ಮುಂದಿನ ವಾರ ಹೊರನಾಡಿಗೆ ಹೊರಟಿದ್ದೇವೆ. ನಿಮ್ಮ ಮನೆಯವರನ್ನೂ ಕಳಿಸಿ, ನಮಗೇನೂ ಖರ್ಚಿಲ್ಲ. ನೀವು ಗಂಡಸರು ಬರುವುದಾದರೆ ನಿಮ್ಮ ನಿಮ್ಮ ಟಿಕೆಟ್ಟನ್ನು ನೀವೇ ತೆಗೆಯಿರಿ,” ಎಂದರು.